ರಾತ್ರಿಯ ದೂರದ ಸದ್ದನ್ನು ಅಳೆಯಲು ನಿಲ್ಲಿಸಿದ ಆರು ಮೀಟರ್ ಕಂಬ

ಗಾಳಿಯಾಡದ ರಾತ್ರಿಗಳಲ್ಲಿ ದೂರದ ಸದ್ದು ಹಗಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ರಾತ್ರಿಯ ನಿಶ್ಶಬ್ದ. ಸುತ್ತಲಿನ ಗದ್ದಲ ಅಡಗಿದಾಗ ಅದರಡಿ ಮುಚ್ಚಿಹೋಗಿದ್ದ ಸಣ್ಣ ಸದ್ದು ಮೇಲೆ ಬರುತ್ತದೆ ಎನ್ನುವುದು ನಿಜವೇ. ಆದರೆ ಇನ್ನೊಂದು ಕಾರಣವೂ ಇದೆ: ನೆಲದ ಮೇಲಿನ ಗಾಳಿಯ ಪದರಗಳು ಶಬ್ದದ ದಾರಿಯನ್ನೇ ಬಾಗಿಸುತ್ತವೆ. ಈ ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಅಳತೆಯಿಂದಲೇ ತಿಳಿಯಬೇಕೆಂಬ ಉದ್ದೇಶದಿಂದ ಈ ಉಪಕರಣವನ್ನು ಕಟ್ಟಿದೆ. ಇದರಲ್ಲಿ ಎರಡು ಭಾಗಗಳಿವೆ. ಒಂದು, ಐದು ಎತ್ತರಗಳಲ್ಲಿ ಗಾಳಿಯ ಉಷ್ಣಾಂಶವನ್ನು ದಾಖಲಿಸುವ ಆರು ಮೀಟರ್ ಕಂಬ. ಇನ್ನೊಂದು, ಒಂದೇ ಮೂಲದಿಂದ ಹೊರಡುವ ಶಬ್ದವನ್ನು ಹತ್ತಿರದಲ್ಲೂ ದೂರದಲ್ಲೂ ಒಟ್ಟೊಟ್ಟಿಗೆ ದಾಖಲಿಸುವ ಎರಡು ರೆಕಾರ್ಡರ್‌ಗಳು.

ಕಂಬ ಏಕೆ ಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಗಾಳಿಯಲ್ಲಿ ಶಬ್ದದ ವೇಗವು ಉಷ್ಣಾಂಶವನ್ನು ಅವಲಂಬಿಸಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 331 ಮೀಟರ್; ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.6 ಮೀಟರ್‌ನಷ್ಟು ಹೆಚ್ಚುತ್ತದೆ. ಬಿಸಿಲಿರುವ ಹಗಲಿನಲ್ಲಿ ನೆಲಕ್ಕೆ ತಾಗಿದ ಗಾಳಿ ಹೆಚ್ಚು ಬಿಸಿಯಾಗಿರುತ್ತದೆ, ಮೇಲಕ್ಕೆ ಹೋದಂತೆ ತಂಪಾಗುತ್ತದೆ. ಆದ್ದರಿಂದ ಶಬ್ದದ ಅಲೆಯ ಕೆಳತುದಿ ಮುಂದೆ ಓಡಿ ಮೇಲ್ತುದಿ ಹಿಂದುಳಿಯುತ್ತದೆ. ಒಂದು ಬದಿಯ ಚಕ್ರ ನಿಧಾನವಾದ ಗಾಡಿ ಆ ಬದಿಗೇ ತಿರುಗುವಂತೆ ಅಲೆಯೂ ನಿಧಾನದ ಕಡೆಗೆ, ಅಂದರೆ ಆಕಾಶದ ಕಡೆಗೆ ಬಾಗುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಬೇಗ ತಣಿಯುತ್ತದೆ; ಅದಕ್ಕೆ ತಾಗಿದ ಗಾಳಿಯೂ ತಣಿದು, ತಂಪು ಕೆಳಗೆ, ಬೆಚ್ಚಗಿನದು ಮೇಲೆ ಎಂಬ ತಿರುಗುಮುರುಗು ಪದರ ಏರ್ಪಡುತ್ತದೆ. ಇದನ್ನೇ ಉಷ್ಣಾಂಶದ ವಿಲೋಮತೆ ಎನ್ನುತ್ತಾರೆ. ಆಗ ಮೇಲಕ್ಕೆ ಹೊರಟ ಶಬ್ದವೂ ಬಾಗಿ ನೆಲಕ್ಕೆ ಮರಳುತ್ತದೆ. ವಾತಾವರಣದಲ್ಲಿ ಶಬ್ದದ ಈ ವಕ್ರೀಭವನವನ್ನು ಆಸ್‌ಬೋರ್ನ್ ರೆನಾಲ್ಡ್ಸ್ ಅವರು 1874ರಲ್ಲೇ ಪ್ರಯೋಗಗಳ ಸಮೇತ ವಿವರಿಸಿದ್ದರು.

ಬಾಗುವಿಕೆ ಎಷ್ಟೆಂಬುದನ್ನು ಹೇಳಲು ಒಂದು ಸರಳ ಸೂತ್ರ ಸಾಕು. ಉಷ್ಣಾಂಶವು ಎತ್ತರದೊಂದಿಗೆ ಒಂದೇ ಸಮನಾಗಿ ಬದಲಾಗುತ್ತದೆ ಎಂದುಕೊಂಡರೆ ನೆಲಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಹೊರಟ ಶಬ್ದದ ದಾರಿ ಒಂದು ವೃತ್ತದ ಕಂಸವಾಗುತ್ತದೆ, ಅದರ ತ್ರಿಜ್ಯ R = c / (0.6 × g). ಇಲ್ಲಿ c ಎಂಬುದು ಶಬ್ದದ ವೇಗ, g ಎಂಬುದು ಪ್ರತಿ ಮೀಟರ್ ಎತ್ತರಕ್ಕೆ ಉಷ್ಣಾಂಶದಲ್ಲಾಗುವ ಬದಲಾವಣೆ. g ಅನ್ನು ನಂಬಿಕೆಗೆ ಅರ್ಹವಾಗಿ ಅಳೆಯುವುದೇ ಕಂಬದ ಕೆಲಸ, ಕಟ್ಟುವ ಶ್ರಮದ ಬಹುಪಾಲು ಹೋದದ್ದೂ ಅದಕ್ಕೇ.

ಸಂವೇದಕಗಳಾಗಿ ಉಕ್ಕಿನ ಕೊಳವೆಯೊಳಗೆ ಮುಚ್ಚಿದ ಡಿಎಸ್18ಬಿ20 ಆರಿಸಿದೆ. ಪ್ರತಿಯೊಂದಕ್ಕೂ ತನ್ನದೇ ಆದ ವಿಳಾಸವಿರುವುದರಿಂದ ಐದನ್ನೂ ಮೂರು ತಂತಿಯ ಒಂದೇ ಕೇಬಲ್‌ಗೆ ಸಾಲಾಗಿ ಜೋಡಿಸಿ, ಕೆಳಗಿನ ಇಎಸ್‌ಪಿ32 ಬೋರ್ಡಿನ ಒಂದೇ ಪಿನ್ನಿನಿಂದ ಓದಬಹುದು. ದತ್ತಾಂಶದ ತಂತಿ ಮತ್ತು ವಿದ್ಯುತ್ ಪೂರೈಕೆಯ ತಂತಿಯ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಇರಬೇಕು. ಒಂದೇ ಬಿಂದುವಿನಿಂದ ಐದು ಕವಲುಗಳನ್ನು ಎಳೆಯುವ ಬದಲು ಒಂದೇ ಉದ್ದನೆಯ ಕೇಬಲ್‌ನಿಂದ ಗಿಡ್ಡ ತುಂಡುಗಳನ್ನು ಹೊರತೆಗೆಯುವುದು ಒಳ್ಳೆಯದು, ಏಕೆಂದರೆ ಕವಲುಗಳು ಉದ್ದವಾದಷ್ಟೂ ಸಂಕೇತ ಕೆಡುತ್ತದೆ. ಕೆಟ್ಟ ಓದನ್ನು ಗುರುತಿಸುವುದು ಸುಲಭ. 85 ಡಿಗ್ರಿ ಎಂದು ಬಂದರೆ ಸಂವೇದಕವು ಆಗಷ್ಟೇ ವಿದ್ಯುತ್ ಪಡೆದು ಅಳತೆ ಮುಗಿಸದೆಯೇ ಉತ್ತರಿಸಿದೆ ಎಂದರ್ಥ. −127 ಬಂದರೆ ಸಾಮಾನ್ಯವಾಗಿ ಬಳಸುವ ಲೈಬ್ರರಿಗೆ ಸಂವೇದಕವೇ ಸಿಕ್ಕಿಲ್ಲ. ಈ ಎರಡನ್ನೂ ಸರಾಸರಿ ತೆಗೆಯುವ ಮೊದಲೇ ಎಸೆಯದಿದ್ದರೆ ಇಡೀ ನಿಮಿಷದ ಲೆಕ್ಕ ಹಾಳಾಗುತ್ತದೆ.

ನಿಜವಾದ ತೊಡಕು ಇರುವುದು ನಿಖರತೆಯಲ್ಲಿ. ಈ ಸಂವೇದಕ 0.0625 ಡಿಗ್ರಿಯಷ್ಟು ಸೂಕ್ಷ್ಮ ವ್ಯತ್ಯಾಸವನ್ನು ತೋರಿಸಬಲ್ಲದಾದರೂ ಅದರ ನಿಖರತೆಯ ಭರವಸೆ ಇರುವುದು ಅರ್ಧ ಡಿಗ್ರಿ ಆಚೀಚೆಗೆ ಮಾತ್ರ. ನಾವು ಹುಡುಕುತ್ತಿರುವುದು ಒಂದೂವರೆ ಮೀಟರ್ ಮತ್ತು ಆರು ಮೀಟರ್ ಎತ್ತರಗಳ ನಡುವಿನ ಅರ್ಧ, ಒಂದು ಡಿಗ್ರಿಯ ವ್ಯತ್ಯಾಸವನ್ನು. ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಕಂಬಕ್ಕೆ ಕಟ್ಟಿದರೆ ವಿಲೋಮತೆ ಇದೆಯೋ ಇಲ್ಲವೋ ಎಂಬುದನ್ನೇ ಸಂವೇದಕಗಳು ತಪ್ಪಾಗಿ ಹೇಳಬಹುದು. ಸಮಾಧಾನದ ಸಂಗತಿಯೆಂದರೆ ನಮಗೆ ಬೇಕಿರುವುದು ನಿಜ ಉಷ್ಣಾಂಶವಲ್ಲ, ಐದೂ ಪರಸ್ಪರ ಒಪ್ಪಿದರೆ ಸಾಕು. ಐದನ್ನೂ ಒಟ್ಟಿಗೆ ಕಟ್ಟಿ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿನ ನೀರಿನಲ್ಲಿ ಮುಳುಗಿಸಿ, ನೀರನ್ನು ಕಲಕುತ್ತ ಹಲವು ನಿಮಿಷಗಳ ಸರಾಸರಿ ತೆಗೆದೆ. ಪ್ರತಿಯೊಂದೂ ಐದರ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದೇ ಅದರ ತಿದ್ದುಪಡಿ. ಇದನ್ನು ಸುಮಾರು 10 ಡಿಗ್ರಿಯ ನೀರಿನಲ್ಲೂ 30 ಡಿಗ್ರಿಯ ನೀರಿನಲ್ಲೂ ಮಾಡಬೇಕು, ಏಕೆಂದರೆ ಕೆಲವು ಸಂವೇದಕಗಳ ತಿದ್ದುಪಡಿ ಉಷ್ಣಾಂಶದೊಂದಿಗೆ ತುಸು ಬದಲಾಗುತ್ತದೆ. ತಿದ್ದುಪಡಿಯ ನಂತರ ಐದೂ 0.1 ಡಿಗ್ರಿಯೊಳಗೆ ಒಂದಾಗಿ ನಿಂತವು.

ಎತ್ತರಗಳನ್ನು ಸಮಾನ ಅಂತರದಲ್ಲಿ ಇಡಲಿಲ್ಲ. ನೆಲದ ಸಮೀಪದಲ್ಲಿ ಉಷ್ಣಾಂಶ ತೀವ್ರವಾಗಿ ಬದಲಾಗುತ್ತದೆ, ಮೇಲೆ ಹೋದಂತೆ ಬದಲಾವಣೆ ಸೌಮ್ಯವಾಗುತ್ತದೆ. ಆದ್ದರಿಂದ 0.3, 0.75, 1.5, 3 ಮತ್ತು 6 ಮೀಟರ್ ಎಂದು, ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ ಹೋಗುವ ಎತ್ತರಗಳನ್ನು ಆರಿಸಿದೆ. ಕಂಬವು ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಕೊಳವೆಗಳದು; ಅರ್ಧ ಎತ್ತರದಲ್ಲೂ ತುದಿಯಲ್ಲೂ ಮೂರು ಮೂರು ಹಗ್ಗಗಳಿಂದ ಎಳೆದು ಕಟ್ಟಿದ್ದೇನೆ. ಇಂಥ ಲೋಹದ ಕಂಬವನ್ನು ವಿದ್ಯುತ್ ತಂತಿಗಳ ಹತ್ತಿರ ಎಲ್ಲಿಯೂ ನಿಲ್ಲಿಸಬಾರದು, ಬಿದ್ದರೂ ತಂತಿಗೆ ತಾಗದಷ್ಟು ದೂರವಿರಬೇಕು. ಗುಡುಗಿನ ಸೂಚನೆ ಕಂಡರೆ ಮೊದಲು ಅದನ್ನು ಇಳಿಸಬೇಕು.

ಪ್ರತಿ ಸಂವೇದಕಕ್ಕೂ ಮರೆ ಬೇಕು. ಹಗಲಲ್ಲಿ ಬಿಸಿಲಿಗೆ ಮರೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ರಾತ್ರಿಯ ಮರೆ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ತೆರೆದ ಆಕಾಶಕ್ಕೆ ಮುಖಮಾಡಿದ ಸಂವೇದಕವು ನೆಲದಂತೆಯೇ ಶಾಖ ಸೂಸಿ ತನ್ನ ಸುತ್ತಲಿನ ಗಾಳಿಗಿಂತ ತಂಪಾಗುತ್ತದೆ, ಅದರ ಮೇಲೆ ಇಬ್ಬನಿಯೂ ಕೂರುತ್ತದೆ. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ತೂತು ಮಾಡಿ, ಬೆರಳಗಲದ ಅಂತರ ಬಿಟ್ಟು ಉದ್ದನೆಯ ಬೋಲ್ಟುಗಳಿಂದ ಒಂದರ ಮೇಲೊಂದು ಜೋಡಿಸಿದರೆ ಗಾಳಿಯಾಡುವ ಮರೆ ಸಿದ್ಧವಾಗುತ್ತದೆ. ಮರೆಯ ಅಗತ್ಯ ಎಷ್ಟೆಂದು ನೋಡಲು ಒಂದೇ ಎತ್ತರದಲ್ಲಿ ಮರೆಯುಳ್ಳ ಮತ್ತು ಮರೆಯಿಲ್ಲದ ಎರಡು ಸಂವೇದಕಗಳನ್ನು ಇಟ್ಟು ಒಂದು ನಿರಭ್ರ ರಾತ್ರಿ ಹೋಲಿಸಬಹುದು. ಮರೆಯಿಲ್ಲದ್ದು ಕೆಳಗೆ ಜಾರುವುದು ಕಣ್ಣಿಗೆ ಕಾಣುತ್ತದೆ. ಈ ಮರೆಗೂ ಒಂದು ಮಿತಿಯಿದೆ. ಗಾಳಿಯಿಲ್ಲದ ಸುಡು ಬಿಸಿಲಿನಲ್ಲಿ ಮರೆಯೇ ಬಿಸಿಯಾಗುತ್ತದೆ, ಅದೂ ಗಾಳಿ ಕಡಿಮೆಯಿರುವ ಕೆಳಗಿನ ಎತ್ತರಗಳಲ್ಲಿ ಹೆಚ್ಚಾಗಿ. ಹಾಗಾಗಿ ಹಗಲಿನ ಲೆಕ್ಕಕ್ಕೆ ಅತಿ ಕೆಳಗಿನ ಎರಡು ಸಂವೇದಕಗಳನ್ನು ನಾನು ಬಳಸುವುದಿಲ್ಲ, 1.5 ಮತ್ತು 6 ಮೀಟರ್‌ಗಳ ಜೋಡಿಯನ್ನೇ ನಂಬುತ್ತೇನೆ.

ಇನ್ನು ಶಬ್ದದ ಭಾಗ. ಅಳತೆಗೆ ಬೇಕಾದ ಮೂಲವು ಹಗಲು ರಾತ್ರಿ ಒಂದೇ ಸಮನೆ ಸದ್ದು ಮಾಡುವಂಥದ್ದಾಗಿರಬೇಕು, ಆ ಸದ್ದಿಗೆ ತನ್ನದೇ ಆದ ಒಂದು ಸ್ವರವಿರಬೇಕು. ನನಗೆ ಒದಗಿದ್ದು ಒಂದು ಕಟ್ಟಡದ ಚಾವಣಿಯಲ್ಲಿ, ನೆಲದಿಂದ ಸುಮಾರು ಆರು ಮೀಟರ್ ಎತ್ತರದಲ್ಲಿ, ನಿಲ್ಲದೆ ತಿರುಗುವ ದೊಡ್ಡ ಫ್ಯಾನು. ಅದರ ಹತ್ತು ಅಲಗುಗಳು ಸೆಕೆಂಡಿಗೆ 24.5 ಸುತ್ತು ತಿರುಗುವುದರಿಂದ 245 ಹರ್ಟ್ಸ್‌ನಲ್ಲಿ ಒಂದು ಸ್ಪಷ್ಟ ಗುಂಯ್ಗುಡುವ ಸ್ವರ ಹುಟ್ಟುತ್ತದೆ. ಮೊದಲ ರೆಕಾರ್ಡರ್ ಇದರಿಂದ 30 ಮೀಟರ್ ದೂರದಲ್ಲಿದೆ, ಎರಡನೆಯದು 900 ಮೀಟರ್ ದೂರದಲ್ಲಿ, ಕಂಬದ ಬಳಿ, ಒಂದೂವರೆ ಮೀಟರ್ ಎತ್ತರದಲ್ಲಿದೆ. ನಡುವಿನ ನೆಲ ಸಮತಟ್ಟು, ಅಲ್ಲಲ್ಲಿ ಹತ್ತು ಮೀಟರ್‌ನೊಳಗಿನ ಮರಗಳಿವೆ. ಹತ್ತಿರದ ರೆಕಾರ್ಡರ್ ಇಲ್ಲದಿದ್ದರೆ ಈ ಪ್ರಯೋಗಕ್ಕೆ ಬೆಲೆಯಿಲ್ಲ: ರಾತ್ರಿ ಯಂತ್ರವೇ ಜೋರಾಯಿತೋ, ದಾರಿಯೇ ಬದಲಾಯಿತೋ ಎಂಬ ಪ್ರಶ್ನೆಗೆ ಉತ್ತರಿಸುವುದು ಅದೊಂದೇ.

ಎರಡೂ ರೆಕಾರ್ಡರ್‌ಗಳಲ್ಲಿ ತನ್ನಷ್ಟಕ್ಕೆ ಏರಿಳಿಯುವ ಗೇನ್ ಅನ್ನು ನಿಲ್ಲಿಸಬೇಕು, ಇಲ್ಲವಾದರೆ ಸದ್ದು ಕಡಿಮೆಯಾದಾಗಲೆಲ್ಲ ಯಂತ್ರವೇ ಅದನ್ನು ಹೆಚ್ಚಿಸಿಕೊಂಡು ಅಳತೆಯನ್ನು ಅಳಿಸಿಹಾಕುತ್ತದೆ. 24 ಬಿಟ್ ದಾಖಲೆಯಲ್ಲಿ ಎರಡಕ್ಕೂ ಒಂದೇ ಗೇನ್ ಇಟ್ಟು, ಮೊದಲು ಹತ್ತು ನಿಮಿಷ ಅವನ್ನು ಅಕ್ಕಪಕ್ಕದಲ್ಲಿಟ್ಟು ಅದೇ ಸ್ವರವನ್ನು ದಾಖಲಿಸಿ, ಎರಡರ ನಡುವಿನ ವ್ಯತ್ಯಾಸವನ್ನು ತಿದ್ದುಪಡಿಯಾಗಿ ಬರೆದಿಟ್ಟುಕೊಂಡೆ. ಮೈಕಿಗೆ ಫೋಮ್ ಮತ್ತು ಅದರ ಮೇಲೆ ರೋಮದ ಹೊದಿಕೆ ಇದೆ. ದೂರದ ರೆಕಾರ್ಡರ್ ಬ್ಯಾಟರಿಯಲ್ಲೇ ನಡೆಯಬೇಕು. 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಅಡಾಪ್ಟರಿನ ಗುಂಗು 250 ಹರ್ಟ್ಸ್‌ನಲ್ಲೂ ಕಾಣಿಸಿಕೊಳ್ಳುತ್ತದೆ, ಅದು ನಮ್ಮ ಸ್ವರದ ಮಗ್ಗುಲಲ್ಲೇ ಬಂದು ಕೂರುತ್ತದೆ.

ದಾಖಲೆಯಿಂದ ಸ್ವರದ ಮಟ್ಟವನ್ನು ತೆಗೆಯುವ ಪೈಥಾನ್ ಭಾಗ ಇದು. ದಾಖಲೆ ಒಂದೇ ಚಾನೆಲ್‌ನದು.

```python
import numpy as np
from scipy.io import wavfile

fs, x = wavfile.read("far.wav")
N = fs * 10
w = np.hanning(N)
f = np.fft.rfftfreq(N, 1 / fs)
tone = (f > 242) & (f < 248)
side = (f > 255) & (f < 275)

for k in range(len(x) // N):
    p = np.abs(np.fft.rfft(x[k*N:(k+1)*N] * w)) ** 2
    floor = p[side].mean() * tone.sum()
    s = p[tone].sum() - floor
    if s > floor:
        print(k * 10, round(10 * np.log10(s), 1))
    else:
        print(k * 10, "buried", round(10 * np.log10(floor), 1))
```

ಹತ್ತು ಸೆಕೆಂಡಿನ ತುಂಡುಗಳನ್ನು ತೆಗೆದುಕೊಂಡು 242ರಿಂದ 248 ಹರ್ಟ್ಸ್ ನಡುವಿನ ಶಕ್ತಿಯನ್ನು ಕೂಡಿಸಿ, ಪಕ್ಕದ ಖಾಲಿ ಪಟ್ಟಿಯಿಂದ ಹಿನ್ನೆಲೆಯ ಸದ್ದನ್ನು ಅಂದಾಜಿಸಿ ಕಳೆಯುತ್ತದೆ. ಸ್ವರವು ಹಿನ್ನೆಲೆಗಿಂತ ಮೇಲಿಲ್ಲದಿದ್ದರೆ ಅದರ ಮಟ್ಟವನ್ನು ಹೇಳುವ ಬದಲು ಅದು ಹುದುಗಿಹೋಗಿದೆ ಎಂದು ಹೇಳಿ, ಅದು ಮೀರಿರಲಾರದ ಮಿತಿಯನ್ನಷ್ಟೇ ಕೊಡುತ್ತದೆ. ಈ ಪ್ರಾಮಾಣಿಕತೆ ಮುಖ್ಯ, ಏಕೆಂದರೆ ಹಗಲಿನ ಬಹುತೇಕ ಅಳತೆಗಳು ಈ ಬಗೆಯವೇ.

ಅಳತೆಗೆ ಮೊದಲು, ಬಾಗುವಿಕೆಯೇ ಇಲ್ಲದಿದ್ದರೆ ಏನು ನಿರೀಕ್ಷಿಸಬೇಕು ಎಂಬುದನ್ನು ಲೆಕ್ಕ ಹಾಕಿಡಬೇಕು. ದೂರ 30 ಮೀಟರ್‌ನಿಂದ 900 ಮೀಟರ್‌ಗೆ, ಅಂದರೆ ಮೂವತ್ತು ಪಟ್ಟು ಹೆಚ್ಚಾದಾಗ ಶಬ್ದ ಹರಡಿಕೊಳ್ಳುವುದರಿಂದಲೇ 29.5 ಡೆಸಿಬೆಲ್ ಇಳಿಯುತ್ತದೆ. ಗಾಳಿ ಹೀರಿಕೊಳ್ಳುವ ಪಾಲು ಈ ಸ್ವರಕ್ಕೆ ಕಿಲೋಮೀಟರಿಗೆ ಸುಮಾರು ಒಂದು ಡೆಸಿಬೆಲ್ ಮಾತ್ರ. ನಾಲ್ಕು ಸಾವಿರ ಹರ್ಟ್ಸ್‌ನ ಕೀರಲು ಸದ್ದಿಗಾದರೆ ಅದು ಇಪ್ಪತ್ತಕ್ಕೂ ಹೆಚ್ಚು, ದೂರದ ಸದ್ದುಗಳು ಯಾವಾಗಲೂ ಮಂದ್ರವಾಗಿಯೇ ಕೇಳಿಸುವುದು ಇದರಿಂದಲೇ. ಒಟ್ಟಿನಲ್ಲಿ ದೂರದ ರೆಕಾರ್ಡರ್ ಹತ್ತಿರದ್ದಕ್ಕಿಂತ ಸುಮಾರು 30.5 ಡೆಸಿಬೆಲ್ ಕಡಿಮೆ ತೋರಿಸಬೇಕು. ನೆಲದಿಂದ ಪುಟಿದ ಅಲೆಯೂ ನೇರ ಅಲೆಯೂ ಸೇರುವಾಗ ಕೆಲವು ಡೆಸಿಬೆಲ್ ಹೆಚ್ಚು ಕಡಿಮೆಯಾಗಬಹುದು, ಅದನ್ನು ಈ ಉಪಕರಣ ಬೇರ್ಪಡಿಸಲಾರದು.

ನಿರಭ್ರವಾದ, ಗಾಳಿ ಬಹುತೇಕ ನಿಂತಿದ್ದ ಒಂದು ದಿನದ ದಾಖಲೆಯನ್ನು ವಿವರವಾಗಿ ನೋಡೋಣ. ಮಧ್ಯಾಹ್ನ ಗಾಳಿಯ ಉಷ್ಣಾಂಶ 30 ಡಿಗ್ರಿಯ ಸುತ್ತ ಇದ್ದಾಗ 1.5 ಮೀಟರಿನ ಸಂವೇದಕವು 6 ಮೀಟರಿನದ್ದಕ್ಕಿಂತ 0.45 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಅಂದರೆ ಮೀಟರಿಗೆ 0.1 ಡಿಗ್ರಿಯ ಇಳಿಕೆ, ತ್ರಿಜ್ಯ ಸುಮಾರು 5,800 ಮೀಟರ್. ಮೇಲಕ್ಕೆ ಬಾಗುವ ಶಬ್ದಕ್ಕೆ ನೆಲವನ್ನು ಸವರಿಕೊಂಡು ಹೋಗುವ ಒಂದು ಕೊನೆಯ ದಾರಿ ಇರುತ್ತದೆ, ಅದರಾಚೆಗೆ ಶಬ್ದದ ನೆರಳು. ಆ ನೆರಳಿನ ಅಂಚು √(2R) × (√h₁ + √h₂) ದೂರದಲ್ಲಿ ಬೀಳುತ್ತದೆ. ಮೂಲದ ಎತ್ತರ 6 ಮೀಟರ್, ಮೈಕಿನ ಎತ್ತರ 1.5 ಮೀಟರ್ ಎಂದು ಹಾಕಿದರೆ ಸುಮಾರು 400 ಮೀಟರ್ ಬರುತ್ತದೆ. 900 ಮೀಟರಿನ ಮೈಕು ಆ ನೆರಳಿನ ಆಳದಲ್ಲಿತ್ತು. ಹಗಲಿಡೀ ದೂರದ ಸ್ವರ ಹುದುಗಿಯೇ ಇತ್ತು. ಹತ್ತಿರದ್ದಕ್ಕಿಂತ ಕನಿಷ್ಠ 48 ಡೆಸಿಬೆಲ್ ಕೆಳಗಿದೆ ಎಂದಷ್ಟೇ ಹೇಳಬಹುದಿತ್ತು. ನೆರಳಿನಲ್ಲಿ ಶಬ್ದ ಪೂರ್ತಿ ಇಲ್ಲವಾಗುವುದಿಲ್ಲ, ಬಿಸಿ ಗಾಳಿಯ ಸುಳಿಗಳಿಂದ ಚದುರಿದ ಸ್ವಲ್ಪ ಭಾಗ ಒಳಗೆ ಬರುತ್ತದೆ, ಆದರೆ ಅದು ಹಿನ್ನೆಲೆಯನ್ನು ಮೀರಲಿಲ್ಲ.

ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಐದೂ ಸಂವೇದಕಗಳು ಒಂದೇ ಅಂಕಿಗೆ ಬಂದು ಸೇರಿದವು, ನಂತರ ಕೆಳಗಿನದು ಮೊದಲಾಗಿ ಒಂದೊಂದೇ ಕೆಳಗೆ ಜಾರತೊಡಗಿದವು. ವಿಲೋಮತೆ ಶುರುವಾಗಲು ಕತ್ತಲಾಗಬೇಕಿಲ್ಲ. ನೆಲ ಪಡೆಯುವುದಕ್ಕಿಂತ ಕಳೆದುಕೊಳ್ಳುವ ಶಾಖ ಹೆಚ್ಚಾದರೆ ಸಾಕು. 6 ಮೀಟರಿನ ಉಷ್ಣಾಂಶ 1.5 ಮೀಟರಿನದ್ದನ್ನು 0.3 ಡಿಗ್ರಿಯಷ್ಟು ಮೀರಿದ ಹೊತ್ತಿಗೆ ದೂರದ ಸ್ವರ ಹಿನ್ನೆಲೆಯಿಂದ ಮೇಲೆದ್ದಿತು. ಆಗಿನ್ನೂ ಸಂಜೆಯ ಗದ್ದಲ ಹಗಲಿನಷ್ಟೇ ಇತ್ತು. ನಿಶ್ಶಬ್ದವೊಂದೇ ಕಾರಣವಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಅತ್ಯಂತ ನೇರವಾದ ಸಾಕ್ಷ್ಯ ಇದೇ.

ರಾತ್ರಿ ಗಟ್ಟಿಯಾದ ಮೇಲೆ ಕೆಳಗಿನಿಂದ ಮೇಲಕ್ಕೆ ಓದುಗಳು 14.6, 15.2, 15.7, 16.2, 16.7 ಡಿಗ್ರಿ. ಎತ್ತರ ದುಪ್ಪಟ್ಟಾದಾಗಲೆಲ್ಲ ಸುಮಾರು ಅರ್ಧ ಡಿಗ್ರಿ ಏರುತ್ತಿದೆ. ಇದೇ ನಡೆ ಕಂಬದ ಮೇಲೂ ಮುಂದುವರಿಯುತ್ತದೆ ಎಂದುಕೊಂಡರೆ ಒಂದೂವರೆ ಮೀಟರಿನಿಂದ ಹದಿನೆಂಟು ಮೀಟರಿನವರೆಗಿನ ಸರಾಸರಿ ಏರಿಕೆ ಮೀಟರಿಗೆ ಸುಮಾರು 0.1 ಡಿಗ್ರಿ, ತ್ರಿಜ್ಯ ಸುಮಾರು 5,700 ಮೀಟರ್. 900 ಮೀಟರ್ ದೂರದಲ್ಲಿ ಇಳಿಯುವ ಕಂಸವು ನಾಲ್ಕೂವರೆ ಡಿಗ್ರಿ ಕೋನದಲ್ಲಿ ಮೇಲೆದ್ದು, ನಡುದಾರಿಯಲ್ಲಿ ಸುಮಾರು 18 ಮೀಟರ್ ಎತ್ತರಕ್ಕೆ ಹೋಗಿ ಇಳಿಯುತ್ತದೆ. ನಡುವಿನ ಮರಗಳ ತಲೆಯ ಮೇಲೆಯೇ ಅದು ದಾಟಿಹೋಗುತ್ತದೆ. ಹಗಲಲ್ಲಿ ಅಡ್ಡ ನಿಂತಂತಿದ್ದ ಮರ, ಗೋಡೆಗಳು ರಾತ್ರಿ ತಡೆಯಾಗದಿರುವುದು ಇದರಿಂದಲೇ.

ಆಗ ದೂರದ ಸ್ವರ ಹತ್ತಿರದ್ದಕ್ಕಿಂತ 31 ಡೆಸಿಬೆಲ್ ಕೆಳಗೆ, ಎರಡು ಮೂರು ಡೆಸಿಬೆಲ್ ಆಚೀಚೆ ತೂಗುತ್ತ ನಿಂತಿತು. ಅಂದರೆ ಬಾಗುವಿಕೆ ಸ್ವರವನ್ನು ಮಾಂತ್ರಿಕವಾಗಿ ಹೆಚ್ಚಿಸಿಲ್ಲ. ನೆರಳಿನಲ್ಲಿ ಕಳೆದುಹೋಗುತ್ತಿದ್ದುದನ್ನು ದೂರದ ಲೆಕ್ಕಕ್ಕೆ ಸರಿಯಾಗಿ ಮರಳಿಸಿದೆ. ಹಗಲಿನ ಮಿತಿಗೆ ಹೋಲಿಸಿದರೆ ಕನಿಷ್ಠ 17 ಡೆಸಿಬೆಲ್ ಹೆಚ್ಚಳ. ಅದೇ ಹೊತ್ತಿಗೆ ಪಕ್ಕದ ಪಟ್ಟಿಯ ಹಿನ್ನೆಲೆ 9 ಡೆಸಿಬೆಲ್ ಇಳಿದಿತ್ತು. ನಿಶ್ಶಬ್ದದ ಪಾಲು 9, ಪದರಗಳ ಪಾಲು ಕನಿಷ್ಠ 17. ಈ ಎರಡನ್ನು ಪೂರ್ತಿ ಬೇರೆ ಬೇರೆ ಎಂದು ತಿಳಿಯಬಾರದು, ಏಕೆಂದರೆ ರಾತ್ರಿಯ ಹಿನ್ನೆಲೆಯೂ ದೂರದಿಂದ ಬಾಗಿ ಬಂದ ಸದ್ದುಗಳಿಂದಲೇ ಒಂದಿಷ್ಟು ತುಂಬಿರುತ್ತದೆ; ಪದರಗಳಿಲ್ಲದಿದ್ದರೆ ಅದು ಇನ್ನೂ ಕೆಳಗಿಳಿಯುತ್ತಿತ್ತು.

ನಡುರಾತ್ರಿಯ ನಂತರ ಮೋಡ ಕವಿಯಿತು. ನೆಲದ ತಣಿಯುವಿಕೆ ನಿಂತು, ಮೇಲು ಕೆಳಗಿನ ಸಂವೇದಕಗಳ ಅಂತರ 2.1 ಡಿಗ್ರಿಯಿಂದ 0.9ಕ್ಕೆ ಕುಗ್ಗಿತು. ಸ್ವರ ಮಾಯವಾಗಲಿಲ್ಲ, ಕೆಲವು ಡೆಸಿಬೆಲ್ ಇಳಿದು ಹೆಚ್ಚು ತೂಗಾಡತೊಡಗಿತು. ಲೆಕ್ಕ ಹಾಕಿದರೆ ಕಂಸದ ನೆತ್ತಿ ಎಂಟು ಮೀಟರಿನಷ್ಟಕ್ಕೆ ಇಳಿದಿತ್ತು, ಅಂದರೆ ಶಬ್ದ ಈಗ ಮರಗಳ ತಲೆಯನ್ನು ತಾಗಿಕೊಂಡೇ ಬರಬೇಕಿತ್ತು. ಕೆಳಮುಖ ಬಾಗು ಸ್ವಲ್ಪವಿದ್ದರೂ ಸದ್ದು ತಲುಪುತ್ತದೆ; ಬಾಗು ಹೆಚ್ಚಾದಷ್ಟೂ ದಾರಿ ತೆರವಾಗುತ್ತದೆ ಎಂದು ನಾನು ಇದನ್ನು ಓದುತ್ತೇನೆ.

ಶಾಂತ ರಾತ್ರಿಯೇ ಏಕೆ ಬೇಕು ಎಂಬುದಕ್ಕೆ ಎರಡು ಕಾರಣಗಳಿವೆ. ಗಾಳಿ ಬೀಸಿದರೆ ಪದರಗಳು ಕಲಸಿಹೋಗುತ್ತವೆ. ಐದು ಗೆರೆಗಳು ನಿಮಿಷಗಳಲ್ಲಿ ಹತ್ತಿರ ಹತ್ತಿರ ಸರಿಯುವುದು ದಾಖಲೆಯಲ್ಲೇ ಕಾಣುತ್ತದೆ. ಎರಡನೆಯದಾಗಿ, ಗಾಳಿಯ ವೇಗ ಶಬ್ದದ ವೇಗಕ್ಕೆ ನೇರವಾಗಿ ಕೂಡುತ್ತದೆ ಅಥವಾ ಕಳೆಯುತ್ತದೆ, ಮತ್ತು ನೆಲದ ಬಳಿ ಗಾಳಿ ಯಾವಾಗಲೂ ಮಂದ, ಮೇಲೆ ಜೋರು. ಎರಡು ಎತ್ತರಗಳ ನಡುವೆ ಸೆಕೆಂಡಿಗೆ ಒಂದು ಮೀಟರ್ ವೇಗದ ವ್ಯತ್ಯಾಸವು 1.65 ಡಿಗ್ರಿಯ ಉಷ್ಣಾಂಶ ವ್ಯತ್ಯಾಸಕ್ಕೆ ಸಮ. ಕೇಳುವವರ ಕಡೆಯಿಂದ ಮೂಲದ ಕಡೆಗೆ ಬೀಸುವ ಎಳೆಗಾಳಿಯೂ ಒಂದು ಒಳ್ಳೆಯ ವಿಲೋಮತೆಯನ್ನು ರದ್ದು ಮಾಡಬಲ್ಲದು. ಎದುರು ದಿಕ್ಕಿನದ್ದು ನಡುಹಗಲಲ್ಲೂ ಸದ್ದನ್ನು ತಂದು ಮುಟ್ಟಿಸಬಲ್ಲದು. ಆದ್ದರಿಂದ ಕಂಬದ ತುದಿಯಲ್ಲೊಂದು ಗಾಳಿಮಾಪಕ ಕಟ್ಟಿ, ಅರ್ಧ ಮೀಟರ್ ವೇಗ ಮೀರಿದ ಹೊತ್ತಿನ ದಾಖಲೆಗಳನ್ನು ಉಷ್ಣಾಂಶದ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ.

ಬೆಳಗಿನ ದಾಖಲೆಯಲ್ಲಿ ಕಂಬದ ಮಿತಿ ಎದ್ದುಕಾಣುತ್ತದೆ. ಸೂರ್ಯ ಏರಿದ ಮೇಲೆ ಪದರ ಕೆಳಗಿನಿಂದ ಕರಗುತ್ತದೆ. ಕೆಳಗಿನ ಮೂರು ಸಂವೇದಕಗಳು ಹಗಲಿನ ಕ್ರಮಕ್ಕೆ ತಿರುಗಿದ ನಂತರವೂ ಸ್ವರ ಬಹಳ ಹೊತ್ತು ಕೇಳಿಸುತ್ತಲೇ ಇತ್ತು, ಏಕೆಂದರೆ ಆರು ಮೀಟರಿನ ಮೇಲೆ ಇನ್ನೂ ಉಳಿದಿದ್ದ ವಿಲೋಮತೆ ಮೇಲೇರಿದ ಶಬ್ದವನ್ನು ಕೆಳಗೆ ತಳ್ಳುತ್ತಿತ್ತು. ಇಂಥ ಹೊತ್ತಿನಲ್ಲಿ ಕೆಳಗಿನ ಜೋಡಿಯನ್ನು ನೋಡಿ ತೀರ್ಮಾನಿಸಿದರೆ ಉತ್ತರ ತಲೆಕೆಳಗಾಗುತ್ತದೆ. 3 ಮತ್ತು 6 ಮೀಟರಿನ ಜೋಡಿ ಹೆಚ್ಚು ವಿಶ್ವಾಸಾರ್ಹ, ಆದರೂ ಅದಕ್ಕೂ ಮೇಲಿನದು ಕಾಣುವುದಿಲ್ಲ.

ಈಗ ಮೂರನೆಯ ರೆಕಾರ್ಡರ್ ಒಂದನ್ನು 450 ಮೀಟರ್ ದೂರದಲ್ಲಿ ಇಡುತ್ತಿದ್ದೇನೆ. ಹಗಲಿನ ನೆರಳಿನ ಅಂಚು ನಿಂತಲ್ಲಿ ನಿಲ್ಲುವುದಿಲ್ಲ. ಇಳಿಕೆ ಮೀಟರಿಗೆ ಸುಮಾರು 0.077 ಡಿಗ್ರಿಗೆ ಬಂದಾಗ ಅದು ಸರಿಯಾಗಿ ಈ ಮೈಕಿನ ಮೇಲೆ ಹಾದುಹೋಗಬೇಕು. ಕಂಬದ 1.5 ಮತ್ತು 6 ಮೀಟರಿನ ಸಂವೇದಕಗಳಲ್ಲಿ ಅದು 0.35 ಡಿಗ್ರಿಯ ವ್ಯತ್ಯಾಸ. ಮಧ್ಯಾಹ್ನ ಕಳೆದು ಆ ಅಂಕಿ ಬರುವ ಹೊತ್ತಿಗೇ 450 ಮೀಟರಿನ ಸ್ವರ ಏರತೊಡಗಿದರೆ ಸೂತ್ರವೂ ತಿದ್ದುಪಡಿಗಳೂ ಸರಿಯಿವೆ ಎಂದರ್ಥ. ಬಹಳ ಮೊದಲೋ ಬಹಳ ತಡವಾಗಿಯೋ ಏರಿದರೆ ಹಗಲಿನ ಮರೆಗಳ ದೋಷವನ್ನು ಮೊದಲು ಶಂಕಿಸಿ, ಅವುಗಳೊಳಗೆ ಗಾಳಿ ಎಳೆಯುವ ಸಣ್ಣ ಫ್ಯಾನುಗಳನ್ನು ಕೂರಿಸಬೇಕಾಗುತ್ತದೆ.